ಷೇರು ಜಿಗಿದ ಮೇಲೆ ಕವರ್ಡ್ ಕಾಲ್ ರೋಲ್ ಮಾಡುವ ಲೆಕ್ಕ

ಕೈಯಲ್ಲಿರುವ ಷೇರಿನ ಮೇಲೆ ಕಾಲ್ ಆಪ್ಷನ್ ಮಾರಿ ಪ್ರೀಮಿಯಂ ಪಡೆಯುವುದೇ ಕವರ್ಡ್ ಕಾಲ್. ಷೇರು ಸ್ಟ್ರೈಕ್ ಬೆಲೆಯನ್ನು ದಾಟಿ ಏರಿದರೆ ಆ ಏರಿಕೆ ಕಾಲ್ ಕೊಂಡವರ ಪಾಲು. ಆಗ ಹಳೆಯ ಕಾಲನ್ನು ಮರಳಿ ಕೊಂಡು, ಮುಂದಿನ ತಿಂಗಳ, ಇನ್ನೂ ಮೇಲಿನ ಸ್ಟ್ರೈಕ್‌ನ ಕಾಲನ್ನು ಮಾರುವುದು ಒಂದು ದಾರಿ. ಇದಕ್ಕೆ ರೋಲ್ ಎನ್ನುತ್ತಾರೆ.

ಒಬ್ಬರು ಹನ್ನೊಂದೂವರೆ ತಿಂಗಳ ಹಿಂದೆ ₹1,000ರಂತೆ 500 ಷೇರು ಕೊಂಡಿದ್ದಾರೆ ಎನ್ನೋಣ. ಲಾಟ್ ಗಾತ್ರವೂ 500. ₹1,100ರ ಕಾಲನ್ನು ₹20ಕ್ಕೆ ಮಾರಿದ್ದಾರೆ. ಎಕ್ಸ್‌ಪೈರಿ ಹತ್ತಿರ ಬಂದಾಗ ಷೇರು ₹1,180 ತಲುಪಿದೆ, ಆ ಕಾಲ್ ₹84 ಆಗಿದೆ. ಮುಂದಿನ ತಿಂಗಳ ₹1,200ರ ಕಾಲ್‌ಗೆ ₹29 ಸಿಗುತ್ತದೆ. ರೋಲ್ ಮಾಡಿದರೆ ಷೇರಿಗೆ ₹55ರಂತೆ ₹27,500 ಕೈಯಿಂದ ಹೋಗುತ್ತದೆ.

ಸ್ಟ್ರೈಕ್ ₹100 ಮೇಲೇರಿತು ಎಂದು ಹಿಗ್ಗುವುದು ಅವಸರ. ಷೇರನ್ನು ಈಗಲೇ ಬಿಟ್ಟುಕೊಟ್ಟರೆ ₹1,100 ಮತ್ತು ಹಳೆಯ ₹20 ಸೇರಿ ₹1,120 ಖಚಿತ. ರೋಲ್ ಮಾಡಿದರೆ ಷೇರು ಎಷ್ಟೇ ಏರಲಿ, ಕೈಗೆ ಬರುವುದು ₹1,165, ಅಂದರೆ ₹45 ಮಾತ್ರ ಹೆಚ್ಚು. ಅದಕ್ಕಾಗಿ ಷೇರು ₹1,155ಕ್ಕಿಂತ ಮೇಲೆ ನಿಲ್ಲಬೇಕು. ₹1,080ಕ್ಕೆ ಇಳಿದರೆ, ಬಿಟ್ಟುಕೊಟ್ಟಿದ್ದಕ್ಕಿಂತ ಷೇರಿಗೆ ₹75 ಕಡಿಮೆ. ಜೋರಾಗಿ ಏರಿದ ಷೇರು ಸ್ವಲ್ಪ ಹಿಂದೆ ಸರಿಯುವುದು ಹೊಸದೇನಲ್ಲ, ಹಾಗಾಗಿ ಈ ₹25ರ ಅಂತರ ತೀರಾ ತೆಳುವು. ಇದರ ಬದಲು ₹61ಕ್ಕೆ ಸಿಗುವ ₹1,140ರ ಕಾಲ್ ಮಾರಿದರೆ ಖರ್ಚು ₹23ಕ್ಕೆ ಇಳಿಯುತ್ತದೆ, ಷೇರು ₹1,123ರ ಮೇಲಿದ್ದರೆ ಸಾಕು. ಹೆಚ್ಚುವರಿ ಲಾಭ ಮಾತ್ರ ₹17ಕ್ಕೆ ನಿಲ್ಲುತ್ತದೆ. ಷೇರು ಇನ್ನೂ ಏರುತ್ತದೆಂಬ ಬಲವಾದ ಕಾರಣವಿಲ್ಲದವರಿಗೆ ಇದೇ ಲೇಸು.

ತೆರಿಗೆ ಈ ತಕ್ಕಡಿಯನ್ನು ವಾಲಿಸಬಹುದು. ಭಾರತದಲ್ಲಿ 2024ರ ಜುಲೈ 23ರಿಂದ, 12 ತಿಂಗಳೊಳಗೆ ಮಾರಿದ ಲಿಸ್ಟೆಡ್ ಷೇರಿನ ಲಾಭಕ್ಕೆ ಶೇ 20 ತೆರಿಗೆ. 12 ತಿಂಗಳು ಮೀರಿದರೆ ವರ್ಷಕ್ಕೆ ₹1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ಶೇ 12.5. ಇವರು ಈಗ ₹1,100ಕ್ಕೆ ಬಿಟ್ಟುಕೊಟ್ಟರೆ ₹50,000 ಲಾಭಕ್ಕೆ ಸುಮಾರು ₹10,000 ಕಟ್ಟಬೇಕು. ರೋಲ್ ಮಾಡಿದರೆ ಮುಂದಿನ ಎಕ್ಸ್‌ಪೈರಿಗೆ ವರ್ಷ ತುಂಬಿರುತ್ತದೆ. ಬೇರೆ ಷೇರುಗಳ ದೀರ್ಘಾವಧಿ ಲಾಭ ಇಲ್ಲದಿದ್ದರೆ ಆ ತೆರಿಗೆ ಉಳಿಯುತ್ತದೆ, ಅದು ಷೇರಿಗೆ ₹20.

ಇನ್ನೊಂದು ಕಡೆ, ₹20ಕ್ಕೆ ಮಾರಿದ್ದನ್ನು ₹84ಕ್ಕೆ ಕೊಂಡಾಗ ₹32,000 ನಷ್ಟ ಆಗಲೇ ದಾಖಲಾಗುತ್ತದೆ. ಆಪ್ಷನ್ ವಹಿವಾಟು ವ್ಯಾಪಾರದ ಆದಾಯವೆಂದು ಗಣನೆಯಾಗುವುದರಿಂದ ಈ ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ. ಅದೇ ವರ್ಷದ ಬಂಡವಾಳ ಲಾಭದಿಂದ ಕಳೆಯಬಹುದು. ಉಳಿದದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಆಗ ವ್ಯಾಪಾರದ ಲಾಭದೆದುರು ಮಾತ್ರ, ಅದೂ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ.

ಮುಂದಿನ ತಿಂಗಳ ಸ್ಟಾಕ್ ಆಪ್ಷನ್‌ಗಳಲ್ಲಿ ಕೊಳ್ಳುವವರು ವಿರಳ. ಪರದೆಯಲ್ಲಿ ₹29 ಕಂಡರೂ ಕೊಳ್ಳುವವರ ಬೆಲೆ ₹26 ಇದ್ದರೆ, ₹55ರ ಖರ್ಚು ₹58 ಆಗುತ್ತದೆ. ಆಗ ₹1,155ರ ಗೆರೆಯೂ ₹1,158ಕ್ಕೆ ಏರುತ್ತದೆ.