ಮರುದಿನಕ್ಕೇ ಎರಡು ವರ್ಷದ ಕೂಸು

ದಕ್ಷಿಣ ಕೊರಿಯಾದಲ್ಲಿ 2020ರ ಡಿಸೆಂಬರ್ 31ರ ರಾತ್ರಿ ಒಂದು ಮಗು ಹುಟ್ಟಿತು ಎಂದುಕೊಳ್ಳಿ. ಅಲ್ಲಿನ ಹಳೆಯ ರೂಢಿಯ ಪ್ರಕಾರ ಹುಟ್ಟಿದ ಗಳಿಗೆಯಲ್ಲೇ ಅದಕ್ಕೆ ಒಂದು ವರ್ಷ. ಬೆಳಗಾದರೆ ಹೊಸ ವರ್ಷ. ಊರಿನ ಎಲ್ಲರ ಜೊತೆಗೆ ಆ ಕೂಸಿಗೂ ಒಂದು ವರ್ಷ ಸೇರಿ ಎರಡಾಗುತ್ತದೆ.

ಇದು ತುಂಬಿದ ವರ್ಷಗಳ ಲೆಕ್ಕವಲ್ಲ, ನಡೆಯುತ್ತಿರುವ ವರ್ಷದ ಲೆಕ್ಕ. ಈಗಿನ ಇಸವಿಯಿಂದ ಹುಟ್ಟಿದ ಇಸವಿ ಕಳೆದು ಒಂದು ಕೂಡಿಸಿದರೆ ಮುಗಿಯಿತು. ತಿಂಗಳು, ತಾರೀಖು ಬೇಕಿಲ್ಲ. ಹಿಂದೆ ಚಾಂದ್ರಮಾನದ ಹೊಸ ವರ್ಷಕ್ಕೆ ಎಲ್ಲರಿಗೂ ಒಟ್ಟಿಗೆ ವಯಸ್ಸು ಏರುತ್ತಿತ್ತು. ಆ ಹಬ್ಬದ ಬೆಳಿಗ್ಗೆ ಅಕ್ಕಿಯ ಕಡುಬನ್ನು ತೆಳ್ಳಗೆ ಬಿಲ್ಲೆಗಳಾಗಿ ಕೊಯ್ದು ಬಿಸಿ ಸಾರಿನಲ್ಲಿ ಬೇಯಿಸುವ ‘ತೊಕ್‌ಗುಕ್’ ಇವತ್ತಿಗೂ ತಪ್ಪುವುದಿಲ್ಲ. ಅದನ್ನು ಉಂಡರೆ ಒಂದು ವಯಸ್ಸು ಹೆಚ್ಚಿತು ಎಂದೇ ಮಾತು.

ಕೊರಿಯನ್ನರಿಗೆ ಇದು ಯಾಕೆ ಇಷ್ಟು ಒಗ್ಗಿತು ಎಂದರೆ, ಅಲ್ಲಿ ಒಂದು ವರ್ಷ ದೊಡ್ಡವರನ್ನೂ ಹೆಸರು ಹಿಡಿದು ಕೂಗುವಂತಿಲ್ಲ. ಹುಡುಗ ತನಗಿಂತ ದೊಡ್ಡ ಹುಡುಗನನ್ನು ‘ಹ್ಯಂಗ್’, ಅಂದರೆ ಅಣ್ಣ ಎನ್ನಬೇಕು. ಒಂದೇ ಇಸವಿಯಲ್ಲಿ ಹುಟ್ಟಿದವರು ಸಮವಯಸ್ಕರು, ಸಲುಗೆಯಿಂದ ಏಕವಚನದಲ್ಲಿ ಮಾತಾಡಬಹುದು. ಹುಟ್ಟುಹಬ್ಬದ ಲೆಕ್ಕ ಹಿಡಿದರೆ ಮಾರ್ಚ್‌ನಲ್ಲಿ ಅಣ್ಣನಾದವನು ಅಕ್ಟೋಬರ್‌ನಲ್ಲಿ ಮತ್ತೆ ಗೆಳೆಯನಾಗಬೇಕಾದೀತು. ಇಸವಿಯ ಲೆಕ್ಕದಲ್ಲಿ ಆ ಪೇಚಾಟವಿಲ್ಲ.

ತೊಂದರೆ ಬಂದದ್ದು ಕಾಗದಪತ್ರದಲ್ಲಿ. ಕಾನೂನು ಮೊದಲಿನಿಂದಲೂ ತುಂಬಿದ ವಯಸ್ಸನ್ನೇ ಹಿಡಿಯುತ್ತಿತ್ತು, ಜನ ಮಾತ್ರ ಹಳೆಯದನ್ನೇ ಹೇಳುತ್ತಿದ್ದರು. ಒಂದು ಡೇರಿ ಕಂಪನಿಯಲ್ಲಿ ಇಂತಿಷ್ಟು ವಯಸ್ಸಿನಿಂದ ಸಂಬಳ ಇಳಿಸುತ್ತಾ ಹೋಗುವ ಒಪ್ಪಂದವಾಗಿತ್ತು. ಅದರಲ್ಲಿ ಬರೆದಿದ್ದ 56 ಯಾವ ಲೆಕ್ಕದ್ದು ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರಲ್ಲಿ ಕೋರ್ಟು ಅದು ತುಂಬಿದ 55 ಎಂದು ತೀರ್ಪು ಕೊಟ್ಟಿತು. ಒಂದು ಅಂಕಿಯ ಗೊಂದಲಕ್ಕೆ ಕೆಲಸಗಾರರ ಒಂದು ವರ್ಷದ ಪೂರ್ತಿ ಸಂಬಳ ತೂಗಾಡಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ತಿದ್ದಿತು. 2023ರ ಜೂನ್ 28ರಿಂದ, ಬೇರೆ ಹೇಳದ ಹೊರತು ವಯಸ್ಸು ಎಂದರೆ ತುಂಬಿದ ವಯಸ್ಸು ಎಂದಾಯಿತು. 1995ರ ಅಕ್ಟೋಬರ್‌ನಲ್ಲಿ ಹುಟ್ಟಿ ತನ್ನನ್ನು 29 ಎಂದುಕೊಂಡಿದ್ದವರು ಆ ದಿನ 27ಕ್ಕೆ ಇಳಿದರು.

ಹಾಗಂತ ಇಸವಿಯ ಲೆಕ್ಕ ಅಳಿಸಿಹೋಗಲಿಲ್ಲ, ಅಳಿಸಬಾರದು ಎಂದೇ ನನಗೂ ಅನಿಸುತ್ತದೆ. ಶಾಲೆಗೆ ಸೇರುವುದು, ಕಡ್ಡಾಯ ಸೈನ್ಯಸೇವೆಯ ತಪಾಸಣೆ, ಮದ್ಯ ಮತ್ತು ಸಿಗರೇಟಿನ ಮಾರಾಟ ಇವಕ್ಕೆ ಇಸವಿಯಿಂದ ಇಸವಿ ಕಳೆಯುವ ಪದ್ಧತಿಯನ್ನೇ ಉಳಿಸಿಕೊಂಡರು. ಇಲ್ಲಿ ಒಂದು ಕೂಡಿಸುವುದಿಲ್ಲ, ಅಷ್ಟೆ. ಒಂದೇ ತರಗತಿಯ ಗೆಳೆಯರಲ್ಲಿ ಒಬ್ಬನಿಗೆ ಅಂಗಡಿಯವನು ಬಿಯರ್ ಕೊಟ್ಟು ಇನ್ನೊಬ್ಬನಿಗೆ ಇಲ್ಲ ಎನ್ನುವ ಹಾಗಾಗಬಾರದಲ್ಲ. ಅದಕ್ಕೇ 2007ರ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಬಿಯರ್ ಕೊಳ್ಳುವ ವಯಸ್ಸಿಗೆ ಬಂದದ್ದು ಒಂದೇ ದಿನ, 2026ರ ಜನವರಿ 1ರಂದು.