ಎಳ್ಳು ಬೀರಲು ಹೊರಟ ಪುಟಾಣಿಗಳಿಗೆ

ತಮ್ಮಂದಿರೇ, ತಂಗಿಯರೇ, ಇವತ್ತು ಸಂಕ್ರಾಂತಿ! ನಮ್ಮ ಮೈಸೂರು ಕಡೆ ಇವತ್ತು ಸಂಜೆ ಮನೆಮನೆಗೆ ಎಳ್ಳು ಬೀರುತ್ತೇವೆ. ತಟ್ಟೆಯಲ್ಲಿ ಎಳ್ಳು-ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು.

ಪೊಟ್ಟಣ ಬಿಚ್ಚಿ ನೋಡಿ: ಹುರಿದ ಬಿಳಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಅಜ್ಜಿ ಎಷ್ಟೋ ದಿನ ಮೊದಲೇ ಅಚ್ಚುಬೆಲ್ಲ, ಕೊಬ್ಬರಿಗಳನ್ನು ಸಣ್ಣಗೆ ಹೆಚ್ಚಿ ಬಿಸಿಲಿಗೆ ಇಟ್ಟಿದ್ದು ಯಾಕೆ ಗೊತ್ತಾ? ಪಸೆ ಉಳಿದರೆ ಎಲ್ಲ ಅಂಟಿಕೊಂಡು ಮುದ್ದೆಯಾಗುತ್ತದೆ. ಎಳ್ಳನ್ನೂ ಚಟಪಟ ಅನ್ನುವವರೆಗೆ ಮಾತ್ರ ಹುರಿಯಬೇಕು; ಸೀದರೆ ಕಹಿ.

ಚಳಿಗೆ ಒಣಗಿದ ಮೈಗೆ ಎಳ್ಳಿನ ಜಿಡ್ಡು ಹಿತ ಅನ್ನುತ್ತಾರೆ ಹಿರಿಯರು. ಕೊಡುವಾಗ “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ” ಅನ್ನಿ. ಟೂ ಬಿಟ್ಟವರ ಮನೆಗೆ ಮೊದಲು ಹೋಗಿ. ಅವರೂ ತಮ್ಮ ಮನೆಯ ಎಳ್ಳು ಕೊಡುತ್ತಾರೆ. ದಾರಿಯಲ್ಲಿ ಮಾತ್ರ ಸಕ್ಕರೆ ಅಚ್ಚು ಕಡಿಯಬೇಡಿ, ಬೀರೋಕೆ ಏನೂ ಉಳಿಯಲ್ಲ!