ಯಾವ ತೂಕಕ್ಕೂ ಸಿಗದ ಆಯ್ಕೆ

ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕು. ಖರ್ಚೂ ಕಡಿಮೆಯಾಗಬೇಕು, ಹೊತ್ತೂ ಉಳಿಯಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ನಾಲ್ಕು ಆಯ್ಕೆಗಳಿವೆ ಎಂದಿಟ್ಟುಕೊಳ್ಳೋಣ. ಪ್ಯಾಸೆಂಜರ್ ರೈಲಿಗೆ 400 ರೂಪಾಯಿ, 10 ಗಂಟೆ. ಸ್ಲೀಪರ್ ಬಸ್ಸಿಗೆ 800 ರೂಪಾಯಿ, 8 ಗಂಟೆ. ಊರೂರು ಸುತ್ತಿ ಬರುವ ಎ.ಸಿ. ಬಸ್ಸಿಗೆ 900 ರೂಪಾಯಿ, 9 ಗಂಟೆ. ವೇಗದ ರೈಲಿಗೆ 1200 ರೂಪಾಯಿ, 4 ಗಂಟೆ.

ಇವುಗಳಲ್ಲಿ ಎ.ಸಿ. ಬಸ್ಸನ್ನು ಯೋಚಿಸದೆ ಕೈಬಿಡಬಹುದು. ಸ್ಲೀಪರ್ ಬಸ್ಸು ಅದಕ್ಕಿಂತ ಅಗ್ಗ, ಅದಕ್ಕಿಂತ ಬೇಗ. ಉಳಿದ ಮೂರರ ಕತೆ ಬೇರೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ಗುರಿಯಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ. ಹೀಗೆ ಬೇರಾವುದಕ್ಕೂ ಎರಡೂ ಕಡೆ ಸೋಲದೆ ಉಳಿಯುವ ಆಯ್ಕೆಗಳ ಗುಂಪಿಗೆ ‘ಪರೆಟೊ ಫ್ರಂಟ್’ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ವಿಲ್ಫ್ರೆಡೊ ಪರೆಟೊ (1848–1923) ಅವರ ಹೆಸರು ಅದಕ್ಕೆ ಬಂದಿದೆ. ಯಾರಿಗೂ ನಷ್ಟವಾಗದಂತೆ ಇನ್ನೊಬ್ಬರಿಗೆ ಲಾಭ ಮಾಡಿಕೊಡಲು ಸಾಧ್ಯವಿಲ್ಲದ ಸ್ಥಿತಿಯ ಬಗ್ಗೆ ಅವರು ವಿವರವಾಗಿ ಬರೆದಿದ್ದರು.

ಈಗ ಉಳಿದ ಮೂರರಲ್ಲಿ ಒಂದನ್ನು ಆರಿಸಬೇಕು. ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ ಪ್ರತಿ ಗುರಿಗೂ ಒಂದು ತೂಕ ಕೊಟ್ಟು, ಗುಣಿಸಿ, ಕೂಡಿಸುವುದು. ಮೊತ್ತ ಯಾವುದಕ್ಕೆ ಕಡಿಮೆಯೋ ಅದೇ ಉತ್ತರ. ಹೊತ್ತೇ ಮುಖ್ಯ ಎನ್ನುವವರು ದುಡ್ಡಿಗೆ 0.3, ಹೊತ್ತಿಗೆ 0.7 ತೂಕ ಕೊಟ್ಟರು ಎನ್ನೋಣ. ಪ್ಯಾಸೆಂಜರ್ ರೈಲಿಗೆ ಬರುವ ಮೊತ್ತ 127, ವೇಗದ ರೈಲಿಗೆ 362.8. ಹೊತ್ತು ಮುಖ್ಯವೆಂದವರಿಗೆ ಲೆಕ್ಕವು ಹತ್ತು ಗಂಟೆಯ ಪ್ರಯಾಣವನ್ನೇ ಕೊಟ್ಟಿತು! ಅದೇ ತೂಕ ಇಟ್ಟುಕೊಂಡು ಗಂಟೆಗಳನ್ನು ನಿಮಿಷ ಮಾಡಿದರೆ ಮೊತ್ತಗಳು 540 ಮತ್ತು 528 ಆಗುತ್ತವೆ. ಈಗ ವೇಗದ ರೈಲು ಗೆಲ್ಲುತ್ತದೆ. ಮನಸ್ಸು ಬದಲಾಗಿಲ್ಲ, ಅಳತೆ ಮಾತ್ರ ಬದಲಾಗಿದೆ. ಆದ್ದರಿಂದ ತೂಕ ಹಾಕುವ ಮೊದಲು ಎರಡೂ ಗುರಿಗಳನ್ನು ಒಂದೇ ಮಟ್ಟಕ್ಕೆ ತರಬೇಕು. ಫ್ರಂಟ್‌ನಲ್ಲಿರುವ ಅತಿ ಒಳ್ಳೆಯ ಬೆಲೆಯನ್ನು 0, ಅತಿ ಕೆಟ್ಟದ್ದನ್ನು 1 ಎಂದು ಹಿಡಿದು ಉಳಿದವನ್ನು ನಡುವೆ ಕೂರಿಸುವುದು ವಾಡಿಕೆ.

ಇಷ್ಟು ಸರಿಪಡಿಸಿದರೂ ಇನ್ನೊಂದು ಆಳವಾದ ತೊಡಕು ಉಳಿಯುತ್ತದೆ. ಎರಡು ತೂಕ ಕೊಡುವುದೆಂದರೆ, ಒಂದು ಗಂಟೆ ಉಳಿಸಲು ನಾನು ಎಷ್ಟು ರೂಪಾಯಿ ಕೊಡಬಲ್ಲೆ ಎಂದು ಹೇಳಿದಂತೆಯೇ. ಆ ಬೆಲೆಯನ್ನು ಏರಿಸುತ್ತಾ ಹೋಗೋಣ. ಪ್ಯಾಸೆಂಜರ್ ರೈಲನ್ನು ಬಿಟ್ಟು ಸ್ಲೀಪರ್ ಬಸ್ ಹತ್ತಿದರೆ 400 ರೂಪಾಯಿ ಹೆಚ್ಚು, ಉಳಿಯುವುದು 2 ಗಂಟೆ. ಅಂದರೆ ಗಂಟೆಗೆ 200 ರೂಪಾಯಿಗಿಂತ ಹೆಚ್ಚು ಕೊಡಬಲ್ಲವರಿಗೆ ಮಾತ್ರ ಅದು ಲಾಭ. ಆದರೆ ಬಸ್ಸನ್ನು ಬಿಟ್ಟು ವೇಗದ ರೈಲಿಗೆ ಹೋದರೆ ಇನ್ನೊಂದು 400 ರೂಪಾಯಿಗೆ 4 ಗಂಟೆ ಉಳಿಯುತ್ತದೆ. ಗಂಟೆಗೆ 100 ರೂಪಾಯಿ ಮೀರಿದವರಿಗೆಲ್ಲ ರೈಲೇ ಲಾಭ. ಬಸ್ಸು ಗೆಲ್ಲಬೇಕಾದರೆ ಗಂಟೆಯ ಬೆಲೆ 200ಕ್ಕಿಂತ ಹೆಚ್ಚೂ ಇರಬೇಕು, 100ಕ್ಕಿಂತ ಕಡಿಮೆಯೂ ಇರಬೇಕು. ಅಂಥ ಸಂಖ್ಯೆಯೇ ಇಲ್ಲ. ಗಂಟೆಗೆ ಸುಮಾರು 133 ರೂಪಾಯಿವರೆಗೆ ಪ್ಯಾಸೆಂಜರ್ ರೈಲು, ಅದನ್ನು ದಾಟಿದರೆ ವೇಗದ ರೈಲು. ಬಸ್ಸು ಪರೆಟೊ ಫ್ರಂಟ್‌ನಲ್ಲಿದ್ದರೂ ಯಾವ ತೂಕವೂ ಅದನ್ನು ಮುಟ್ಟುವುದಿಲ್ಲ.

ಕಾರಣವನ್ನು ಗ್ರಾಫ್ ಹಾಳೆಯ ಮೇಲೆ ಕಾಣಬಹುದು. ಅಡ್ಡಕ್ಕೆ ರೂಪಾಯಿ, ಉದ್ದಕ್ಕೆ ಗಂಟೆ ಗುರುತಿಸಿ ಚುಕ್ಕಿಗಳನ್ನಿಡಿ. ತೂಕಗಳು ಒಂದು ನೇರ ಗೆರೆಯ ಓರೆಯನ್ನು ನಿರ್ಧರಿಸುತ್ತವೆ. ಆ ಓರೆ ಕೆಡದಂತೆ ಸ್ಕೇಲನ್ನು ಕೆಳಗಿನ ಎಡಮೂಲೆಯಿಂದ ಮೇಲಕ್ಕೆ ಸರಿಸಿದರೆ ಮೊದಲು ತಾಗುವ ಚುಕ್ಕಿಯೇ ಉತ್ತರ. ಎರಡು ರೈಲುಗಳ ಚುಕ್ಕಿಗಳನ್ನು ಸೇರಿಸುವ ಗೆರೆ 800 ರೂಪಾಯಿಯ ಬಳಿ 7 ಗಂಟೆಯಲ್ಲಿ ಹಾಯುತ್ತದೆ. ಬಸ್ಸಿನ ಚುಕ್ಕಿ 8ರಲ್ಲಿ, ಅದರ ಆಚೆಗಿದೆ. ಸ್ಕೇಲನ್ನು ಹೇಗೆ ಓರೆ ಮಾಡಿದರೂ ಯಾವುದೋ ಒಂದು ರೈಲಿನ ಚುಕ್ಕಿ ಮೊದಲು ಅಡ್ಡಬರುತ್ತದೆ. ಫ್ರಂಟ್ ಹೀಗೆ ಒಳಬಾಗಿದ ಕಡೆಯಲ್ಲೆಲ್ಲ ತೂಕದ ವಿಧಾನ ಸೋಲುತ್ತದೆ.

ಪರಿಹಾರ ಸರಳ. ಒಂದು ಗುರಿಗೆ ಮಿತಿ ಹಾಕಿ, ಇನ್ನೊಂದನ್ನು ಮಾತ್ರ ಕನಿಷ್ಠ ಮಾಡಬೇಕು. ‘ಸಾವಿರ ರೂಪಾಯಿ ಮೀರಬಾರದು, ಅದರೊಳಗೆ ಬೇಗ ತಲುಪಿಸುವುದು ಯಾವುದು?’ ಎಂದು ಕೇಳಿದರೆ ಸ್ಲೀಪರ್ ಬಸ್ ತಾನಾಗಿ ಹೊರಬರುತ್ತದೆ. ಮಿತಿಯನ್ನು ಹಂತಹಂತವಾಗಿ ಬದಲಿಸಿದರೆ ಇಡೀ ಫ್ರಂಟ್ ಕಾಣಿಸುತ್ತದೆ. ಆಯ್ಕೆಗಳು ಲಕ್ಷಗಟ್ಟಲೆ ಇರುವ ಎಂಜಿನಿಯರಿಂಗ್ ವಿನ್ಯಾಸಗಳಲ್ಲಿ ಬೇರೆ ವಿಧಾನಗಳೂ ಇವೆ. ಐಐಟಿ ಕಾನ್ಪುರದಲ್ಲಿ ಕಲ್ಯಾಣ್ಮಯ್ ದೇಬ್ ಮತ್ತು ಸಂಗಡಿಗರು ರೂಪಿಸಿ 2002ರಲ್ಲಿ ಪ್ರಕಟಿಸಿದ NSGA-II ತೂಕಗಳನ್ನೇ ಕೇಳುವುದಿಲ್ಲ. ಯಾವುದು ಯಾವುದಕ್ಕೆ ಸೋಲುತ್ತದೆ ಎಂದು ನೋಡಿ ಆಯ್ಕೆಗಳನ್ನು ಸಾಲುಗಳಾಗಿ ವಿಂಗಡಿಸುತ್ತದೆ. ಒಂದೇ ಸಾಲಿನೊಳಗೆ, ಕಿಕ್ಕಿರಿದ ಕಡೆಯವುಗಳಿಗಿಂತ ಒಂಟಿಯಾಗಿರುವವನ್ನು ಮುಂದಕ್ಕೆ ಉಳಿಸಿಕೊಳ್ಳುತ್ತದೆ.

ತೂಕದ ವಿಧಾನವನ್ನೇ ಬಳಸುವವರು ಒಂದು ಗುರುತನ್ನು ಗಮನಿಸಬೇಕು. ತೂಕವನ್ನು ಚೂರುಚೂರೇ ಬದಲಿಸುವಾಗ ಉತ್ತರ ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆಲೇ ಜಿಗಿದರೆ, ನಡುವೆ ಏನೂ ಇಲ್ಲವೆಂದು ನಂಬಬಾರದು. ಆ ಜಾಗದಲ್ಲಿ ಮಿತಿ ಹಾಕಿ ಹುಡುಕಬೇಕು. ಕೈಯಲ್ಲಿ ಸಾವಿರವೇ ಇರುವ ಪ್ರಯಾಣಿಕರಿಗೆ ಬೇಕಾದ ಆಯ್ಕೆ ಇರುವುದು ಅಲ್ಲಿಯೇ.